ಕೆಲಸ ಬಿಟ್ಟವರ ಮಾತು ಮ್ಯಾನೇಜ್‌ಮೆಂಟಿಗೆ ತಲುಪಬೇಕು, ಹೆಸರು ತಲುಪಬಾರದು: ಮೂರು ಬಗೆಯ ವರದಿಗಳ ಹೋಲಿಕೆ

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಭಾಗದ ಕಾರ್ಖಾನೆಗಳಲ್ಲಿ ಎಕ್ಸಿಟ್ ಇಂಟರ್‌ವ್ಯೂ ಮಾಡುವ ಪದ್ಧತಿ ಈಗ ಸಾಕಷ್ಟು ಕಡೆ ಬಂದಿದೆ. ರಾಜೀನಾಮೆ ಕೊಟ್ಟವರನ್ನು ಎಚ್.ಆರ್. ವಿಭಾಗದವರು ಅರ್ಧ ಗಂಟೆ ಕೂರಿಸಿಕೊಂಡು ಕಾರಣ ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ವರ್ಷಕ್ಕೊಮ್ಮೆಯೋ ಎರಡು ಸಲವೋ ಅದರ ಸಾರಾಂಶವನ್ನು ಮಾಲಕರಿಗೆ ಅಥವಾ ಆಡಳಿತ ಮಂಡಳಿಗೆ ಒಪ್ಪಿಸುತ್ತಾರೆ. ಕೇಳುವ ಕೆಲಸಕ್ಕಿಂತ ಒಪ್ಪಿಸುವ ಕೆಲಸವೇ ಕಠಿಣ. ಇನ್ನೂರು ಜನರ ಕಾರ್ಖಾನೆಯಲ್ಲಿ ಯಾರು ಯಾವಾಗ ಬಿಟ್ಟರೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಬಿಟ್ಟವರ ತಮ್ಮನೋ ಭಾವನೋ ಅದೇ ಶಾಪಿನಲ್ಲಿ ಇನ್ನೂ ದುಡಿಯುತ್ತಿರುತ್ತಾನೆ. ಹೊಸ ಕಂಪನಿಯವರು ಹಳೆಯ ಮಾಲಕರಿಗೆ ಫೋನ್ ಮಾಡಿ ‘ಮನುಷ್ಯ ಹೆಂಗ ರೀ’ ಎಂದು ವಿಚಾರಿಸುವುದು ಇಲ್ಲಿ ಸಾಮಾನ್ಯ. ಆದ್ದರಿಂದ ಹೆಸರು ಬರೆಯದಿದ್ದರೆ ಸಾಕೆಂದು ತಿಳಿದು ವರದಿ ಕೊಟ್ಟರೆ, ಬಿಟ್ಟು ಹೋದವರ ಅನುಭವ ಪತ್ರಕ್ಕೂ ಉಳಿದಿರುವ ಸಂಬಂಧಿಕರ ಶಿಫ್ಟಿಗೂ ಅದರ ಬಿಸಿ ತಟ್ಟಬಹುದು.

ಇಂಥ ಸಾರಾಂಶವನ್ನು ಮುಖ್ಯವಾಗಿ ಮೂರು ಬಗೆಯಲ್ಲಿ ಬರೆಯುತ್ತಾರೆ. ಹೆಸರು ಅಳಿಸಿ ಒಬ್ಬೊಬ್ಬರ ಟಿಪ್ಪಣಿಯನ್ನು ಸಾಲಾಗಿ ಕೊಡುವುದು ಒಂದು. ವಿಭಾಗ ಮತ್ತು ಕಾರಣಗಳನ್ನು ಅಡ್ಡ ಉದ್ದ ಇಟ್ಟು ಅಂಕಿಗಳ ಕೋಷ್ಟಕ ಕೊಡುವುದು ಇನ್ನೊಂದು. ವ್ಯಕ್ತಿಗಳನ್ನು ಬದಿಗಿಟ್ಟು ಕಾರಣಗಳ ಸುತ್ತ ವಿವರಣೆ ಬರೆದು, ಅದಕ್ಕೆ ಕಂಪನಿಯ ಸ್ವಂತ ದಾಖಲೆಗಳ ಆಧಾರ ಕೊಡುವುದು ಮೂರನೆಯದು. ನಮ್ಮ ಭಾಗದ ಮಧ್ಯಮ ಗಾತ್ರದ ಘಟಕಗಳಿಗೆ ಮೂರನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ. ಮೂರನ್ನೂ ಒಂದೇ ಉದಾಹರಣೆಯ ಮೇಲೆ ಇಟ್ಟು ನೋಡಿದರೆ ಕಾರಣ ಸ್ಪಷ್ಟವಾಗುತ್ತದೆ.

ಉದಾಹರಣೆಗೆಂದು ಉದ್ಯಮಬಾಗದಲ್ಲಿ ಒಂದು ಎರಕದ ಘಟಕವನ್ನು ಕಲ್ಪಿಸಿಕೊಳ್ಳೋಣ. ಇಲ್ಲಿನ ಅಂಕಿಗಳು ಲೆಕ್ಕ ತಿಳಿಯಲೆಂದೇ ಹೊಂದಿಸಿದವು. ಒಟ್ಟು 210 ಜನ: ಫೌಂಡ್ರಿಯಲ್ಲಿ 95, ಮಷೀನ್ ಶಾಪಿನಲ್ಲಿ 60, ಗುಣಮಟ್ಟ ನೋಡುವ ಕ್ಯೂಸಿಯಲ್ಲಿ 20, ಸ್ಟೋರ್ಸ್ ಮತ್ತು ಡಿಸ್ಪ್ಯಾಚಿನಲ್ಲಿ 15, ಕಚೇರಿಯಲ್ಲಿ 20. ಒಂದು ವರ್ಷದಲ್ಲಿ ಕೆಲಸ ಬಿಟ್ಟವರು 27 ಜನ. ಅವರಲ್ಲಿ 5 ಜನ ಹೇಳದೆ ಕೇಳದೆ ಬರುವುದನ್ನು ನಿಲ್ಲಿಸಿದರು, ಮಾತಿಗೆ ಸಿಕ್ಕವರು 22: ಫೌಂಡ್ರಿಯ 9, ಮಷೀನ್ ಶಾಪಿನ 8, ಕ್ಯೂಸಿಯ 2, ಸ್ಟೋರ್ಸಿನ 1, ಕಚೇರಿಯ 2.

ಹೆಸರು ಅಳಿಸಿದ ಟಿಪ್ಪಣಿಗಳು

ಈ ಬಗೆಯ ವರದಿಯನ್ನು ಮಾಲಕರು ತುಂಬಾ ಇಷ್ಟಪಡುತ್ತಾರೆ, ಏಕೆಂದರೆ ಓದುವಾಗ ಮನುಷ್ಯರ ದನಿ ಕೇಳಿಸುತ್ತದೆ. ಎಚ್.ಆರ್. ವಿಭಾಗಕ್ಕೂ ಕೆಲಸ ಕಡಿಮೆ: ಇದ್ದ ಟಿಪ್ಪಣಿಯಿಂದ ಹೆಸರು ಮತ್ತು ಟೋಕನ್ ನಂಬರ್ ತೆಗೆದರೆ ಮುಗಿಯಿತು. ಅಂಥ ಒಂದು ಟಿಪ್ಪಣಿ ಹೀಗಿರುತ್ತದೆ ಎಂದುಕೊಳ್ಳಿ:

“ಸಿಎನ್‌ಸಿ ಆಪರೇಟರ್, 4 ವರ್ಷ ಸೇವೆ, ಎರಡನೇ ಶಿಫ್ಟ್. ‘ಹನ್ನೊಂದಕ್ಕ ಬಿಟ್ರ ಖಾನಾಪುರದಾಚೆ ನಮ್ಮೂರಿಗೆ ಹೋಗಾಕ ಏನೂ ಸಿಗೂದಿಲ್ರೀ. ಅವ್ವಗ ಆರಾಮಿಲ್ಲ, ಒಂದ್ ತಿಂಗಳು ಫಸ್ಟ್ ಶಿಫ್ಟ್ ಕೊಡ್ರಿ ಅಂದ್ರ, ಗಾಡಿ ತಗೋ ಹೋಗು ಅಂದ್ರು.’”

ಇದರಲ್ಲಿ ಹೆಸರಿಲ್ಲ. ಆದರೆ ಸಿಎನ್‌ಸಿ, 4 ವರ್ಷ, ಎರಡನೇ ಶಿಫ್ಟ್, ಖಾನಾಪುರ ತಾಲ್ಲೂಕು, ಕಾಯಿಲೆಯ ತಾಯಿ ಎಂಬ ಐದು ಸುಳಿವುಗಳಿವೆ. ಮಷೀನ್ ಶಾಪಿನ ಯಾರೇ ಓದಿದರೂ ಎರಡನೆಯ ಸುಳಿವಿಗೇ ಆಳು ಸಿಕ್ಕಿಬಿಡುತ್ತಾನೆ. ಮಾತಿನ ಧಾಟಿಯೂ ಒಂದು ಸುಳಿವೇ. ಬೆಳಗಾವಿಯ ಶಾಪಿನಲ್ಲಿ ಒಬ್ಬರ ಕನ್ನಡದಲ್ಲಿ ಮರಾಠಿ ಬೆರೆತಿರುತ್ತದೆ, ಇನ್ನೊಬ್ಬರದು ಬೈಲಹೊಂಗಲದ ಕಡೆಯದಾಗಿರುತ್ತದೆ. ಆಡಿದ ಮಾತನ್ನು ಹಾಗೆಯೇ ಉದ್ಧರಿಸಿದರೆ ಹೆಸರು ಹೇಳಿದಷ್ಟೇ ಆಯಿತು.

ಇದು ಬರೀ ಊಹೆಯ ಭಯವಲ್ಲ. ಲಟಾನ್ಯಾ ಸ್ವೀನಿ ಎಂಬ ಸಂಶೋಧಕಿ, ಅಂಚೆಯ ಪಿನ್‌ಕೋಡಿನಂಥ ಪ್ರದೇಶ ಸಂಖ್ಯೆ, ಹುಟ್ಟಿದ ದಿನಾಂಕ ಮತ್ತು ಲಿಂಗ ಎಂಬ ಮೂರೇ ವಿವರಗಳಿಂದ ಅಮೆರಿಕದ ಜನಸಂಖ್ಯೆಯ ಸುಮಾರು ಶೇ. 87ರಷ್ಟು ಜನರನ್ನು ಒಬ್ಬೊಬ್ಬರಾಗಿ ಗುರುತಿಸಲು ಸಾಧ್ಯವೆಂದು 2000ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಕೋಟಿಗಟ್ಟಲೆ ಜನರ ದೇಶದಲ್ಲಿ ಮೂರು ವಿವರ ಸಾಕಾಗುವಾಗ, 60 ಜನರ ಶಾಪಿನಲ್ಲಿ ವಿಭಾಗ, ಶಿಫ್ಟ್, ಊರು ಎಂಬ ಮೂರು ವಿವರ ಕೊಟ್ಟು ಗುಟ್ಟು ಉಳಿದೀತೆಂದು ನಂಬುವುದಕ್ಕೆ ಆಧಾರವಿಲ್ಲ.

ಸುಳಿವುಗಳನ್ನೆಲ್ಲ ತೆಗೆದು ಟಿಪ್ಪಣಿ ಕೊಡಬಹುದಲ್ಲ ಎಂದು ಕೇಳುವವರಿದ್ದಾರೆ. ತೆಗೆಯಬಹುದು, ಆದರೆ ತೆಗೆದ ಮೇಲೆ ಉಳಿಯುವುದು ‘ಶಿಫ್ಟ್ ಸಮಯ ಹೊಂದಲಿಲ್ಲ’ ಎಂಬ ಒಂದು ಸಪ್ಪೆ ಸಾಲು. ಅಂಥ 22 ಸಾಲುಗಳ ಪಟ್ಟಿ ಯಾರನ್ನೂ ಕಾಪಾಡಬೇಕಾದಷ್ಟು ಕಾಪಾಡುವುದಿಲ್ಲ, ಏಕೆಂದರೆ ಸಾಲುಗಳ ಕ್ರಮವೇ ಬಿಟ್ಟ ದಿನಾಂಕದ ಕ್ರಮವಾಗಿರುತ್ತದೆ. ಮ್ಯಾನೇಜ್‌ಮೆಂಟಿಗೆ ದಾರಿಯನ್ನೂ ತೋರಿಸುವುದಿಲ್ಲ. ನನ್ನ ಮಟ್ಟಿಗೆ ಈ ಬಗೆಯನ್ನು ಯಾವ ಗಾತ್ರದ ಸಂಸ್ಥೆಯೂ ಬಳಸಬಾರದು.

ಅಂಕಿಗಳ ಕೋಷ್ಟಕ

ಕೋಷ್ಟಕ ನೋಡಲು ನಿಷ್ಪಕ್ಷಪಾತಿಯಂತೆ ಕಾಣುತ್ತದೆ. ಅಡ್ಡ ಸಾಲಿನಲ್ಲಿ ಕಾರಣಗಳು, ಕಂಬಸಾಲಿನಲ್ಲಿ ವಿಭಾಗಗಳು, ಒಳಗೆ ಬರೀ ಸಂಖ್ಯೆ. ಒಂದು ಚೌಕದಲ್ಲಿ 5ಕ್ಕಿಂತ ಕಡಿಮೆ ಜನರಿದ್ದರೆ ಆ ಸಂಖ್ಯೆಯನ್ನು ತೋರಿಸಬಾರದು ಎಂಬ ನಿಯಮವನ್ನು ನೌಕರರ ಸಮೀಕ್ಷೆಗಳಲ್ಲಿ ಬಹಳ ಕಡೆ ಪಾಲಿಸುತ್ತಾರೆ. ಕೆಲವರು 10 ಎಂದೂ ಇಟ್ಟುಕೊಳ್ಳುತ್ತಾರೆ. ಕಾನೂನು ಹೇಳಿದ ಅಂಕಿಯಲ್ಲ, ವಾಡಿಕೆಯಿಂದ ಬಂದದ್ದು. ಇದನ್ನು ಪಾಲಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸುವಲ್ಲಿ ಮೂರು ಅಪಾಯಗಳಿವೆ.

ಮೊದಲನೆಯದು ಕಳೆಯುವ ಲೆಕ್ಕ. ನಮ್ಮ ಘಟಕದಲ್ಲಿ ಸೂಪರ್‌ವೈಸರ್ ನಡವಳಿಕೆ ಎಂಬ ಕಾರಣವನ್ನು 7 ಜನ ಹೇಳಿದ್ದಾರೆ: ಮಷೀನ್ ಶಾಪಿನ 6, ಕ್ಯೂಸಿಯ 1. ನಿಯಮದಂತೆ ಕ್ಯೂಸಿಯ ಚೌಕದಲ್ಲಿ 1 ಎಂದು ಬರೆಯದೆ ‘5ಕ್ಕಿಂತ ಕಡಿಮೆ’ ಎಂದು ಬರೆದಿದ್ದೇವೆ. ಆದರೆ ಸಾಲಿನ ಕೊನೆಗೆ ಒಟ್ಟು 7 ಎಂದಿದೆ, ಮಷೀನ್ ಶಾಪಿನ ಕೆಳಗೆ 6 ಎಂದಿದೆ, ಉಳಿದ ವಿಭಾಗಗಳಲ್ಲಿ ಸೊನ್ನೆ ಎಂದಿದೆ. ಏಳರಲ್ಲಿ ಆರು ಕಳೆಯುವುದು ಯಾರಿಗೂ ಕಷ್ಟವಲ್ಲ. ಕ್ಯೂಸಿಯಲ್ಲಿ ಮಾತಿಗೆ ಸಿಕ್ಕವರು ಇಬ್ಬರೇ, ಅವರಲ್ಲಿ ಒಬ್ಬರು ಮದುವೆಯಾಗಿ ಹುಬ್ಬಳ್ಳಿಗೆ ಹೋದರೆಂಬುದು ಎಲ್ಲರಿಗೂ ಗೊತ್ತು. ಹಾಗಾದರೆ ಸೂಪರ್‌ವೈಸರ್ ಮೇಲೆ ದೂರು ಹೇಳಿದವರು ಇನ್ನೊಬ್ಬರೇ ಎಂದಾಯಿತು. ಒಂದು ಚೌಕವನ್ನು ಮುಚ್ಚಿದರೆ ಅದೇ ಸಾಲಿನಲ್ಲಿ ಮತ್ತೊಂದನ್ನೂ ಮುಚ್ಚಬೇಕು, ಇಲ್ಲವೇ ಒಟ್ಟು ಸಂಖ್ಯೆಯನ್ನು ಬಿಡಬೇಕು, ಇಲ್ಲವೇ ಚಿಕ್ಕ ವಿಭಾಗಗಳನ್ನು ಕೂಡಿಸಿ ಒಂದು ಮಾಡಬೇಕು. ಕೂಡಿಸುವುದು ಎಷ್ಟೋ ಮೇಲು, ಆದರೆ ಇಲ್ಲಿ ಕ್ಯೂಸಿ, ಸ್ಟೋರ್ಸ್, ಕಚೇರಿ ಮೂರನ್ನು ಕೂಡಿಸಿದರೂ ಸಿಗುವವರು 5 ಜನ ಮಾತ್ರ.

ಕಾಲದ ಮೇಲೂ ಇದೇ ಕಳೆಯುವ ಲೆಕ್ಕ ನಡೆಯುತ್ತದೆ. ಮೂರು ತಿಂಗಳಿಗೊಮ್ಮೆ ವರದಿ ಕೊಡುವ ಕಂಪನಿಯಲ್ಲಿ ಹಿಂದಿನ ಸಲ 6 ಇದ್ದದ್ದು ಈ ಸಲ 7 ಆಗಿದ್ದು, ನಡುವೆ ಕೆಲಸ ಬಿಟ್ಟವರು ಒಬ್ಬರೇ ಆಗಿದ್ದರೆ, ಆ ಏಳನೆಯವರು ಯಾರೆಂದು ಹೇಳಬೇಕಾಗಿಲ್ಲ. ಹಿಂದಿನ ವರದಿಯ ನಂತರ ಕನಿಷ್ಠ ಐದಾರು ಹೊಸ ಸಂದರ್ಶನ ಸೇರುವ ತನಕ ಹೊಸ ವರದಿ ಕೊಡಬಾರದು.

ಎರಡನೆಯ ಅಪಾಯ ಇದಕ್ಕಿಂತ ಸೂಕ್ಷ್ಮವಾದದ್ದು, ಅನುಭವಿಗಳೂ ಇದನ್ನು ಗಮನಿಸದೆ ಬಿಡುತ್ತಾರೆ. ಮಷೀನ್ ಶಾಪಿನ ಎರಡನೇ ಶಿಫ್ಟಿನಿಂದ ಬಿಟ್ಟು ಮಾತಿಗೆ ಸಿಕ್ಕವರು 6 ಜನ, ಆ ಆರೂ ಜನ ಸೂಪರ್‌ವೈಸರ್ ಬಗ್ಗೆ ಹೇಳಿದ್ದಾರೆ. ಸಂಖ್ಯೆ ಐದನ್ನು ದಾಟಿದೆ, ನಿಯಮದ ಪ್ರಕಾರ ತೋರಿಸಬಹುದು. ಆದರೆ ‘ಆರರಲ್ಲಿ ಆರು’ ಎಂದು ತೋರಿಸಿದ ಕ್ಷಣ ಆ ಶಿಫ್ಟಿನಿಂದ ಹೋದ ಪ್ರತಿಯೊಬ್ಬರೂ ಏನು ಹೇಳಿದರೆಂಬುದು ಬಯಲಾಗುತ್ತದೆ. ಗುಂಪಿನಲ್ಲಿ ಒಬ್ಬರಿಗೆ ರಕ್ಷಣೆ ಸಿಗುವುದು, ಆ ಮಾತನ್ನು ಹೇಳದವರೂ ಅದೇ ಗುಂಪಿನಲ್ಲಿ ಇದ್ದಾಗ. ಶಿಫ್ಟಿನ ಲೆಕ್ಕ ಬಿಟ್ಟು ವಿಭಾಗದ ಲೆಕ್ಕ ಕೊಟ್ಟರೆ ಎಂಟರಲ್ಲಿ ಆರು ಆಗುತ್ತದೆ, ಅನುಮಾನಕ್ಕೆ ಇಬ್ಬರ ಮರೆ ಸಿಗುತ್ತದೆ. ಇಡೀ ಘಟಕದ ಲೆಕ್ಕ ಕೊಟ್ಟರೆ ಇಪ್ಪತ್ತೆರಡರಲ್ಲಿ ಏಳು, ಅಂದರೆ ಸುಮಾರು ಮೂರರಲ್ಲಿ ಒಬ್ಬರು ಎಂದಾಗುತ್ತದೆ. ಮ್ಯಾನೇಜ್‌ಮೆಂಟ್ ಕ್ರಮ ಕೈಗೊಳ್ಳಲು ‘ಮೂರರಲ್ಲಿ ಒಬ್ಬರು’ ಎಂಬ ಮಾತು ಸಾಕು. ಐದು ಎಂಬ ಅಂಕಿ ದಾಟಿತೇ ಎಂದು ನೋಡಿದ ಮೇಲೆ, ಅದು ಗುಂಪಿನ ಎಷ್ಟನೆಯ ಪಾಲು ಎಂಬುದನ್ನೂ ನೋಡಲೇಬೇಕು.

ಮೂರನೆಯ ಅಪಾಯ ಕಂಪ್ಯೂಟರಿನದು. ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್ ಮಾಡಿ, ಮೂಲ ಶೀಟನ್ನು ಅಳಿಸಿ, ಫೈಲನ್ನು ಹಾಗೆಯೇ ಮೇಲ್ ಮಾಡುವವರಿದ್ದಾರೆ. ಪಿವೋಟ್ ಟೇಬಲ್ ತನ್ನೊಳಗೆ ಮೂಲ ದತ್ತಾಂಶದ ಒಂದು ಪ್ರತಿಯನ್ನು ಇಟ್ಟುಕೊಂಡಿರುತ್ತದೆ. ಪಡೆದವರು ಯಾವುದಾದರೂ ಸಂಖ್ಯೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಆ ಸಂಖ್ಯೆಯ ಹಿಂದಿರುವ ಸಾಲುಗಳೆಲ್ಲ, ಹೆಸರಿನ ಕಾಲಂ ಇದ್ದರೆ ಹೆಸರೂ ಸೇರಿ, ಹೊಸ ಶೀಟಿನಲ್ಲಿ ಬಂದು ಕೂರುತ್ತವೆ. ಅಂಕಿಗಳನ್ನು ಬರೀ ಮೌಲ್ಯಗಳಾಗಿ ಹೊಸ ಫೈಲಿಗೆ ಅಂಟಿಸಿ, ಪಿಡಿಎಫ್ ಮಾಡಿ ಕಳುಹಿಸುವುದೇ ಸರಿಯಾದ ದಾರಿ.

ಗೌಪ್ಯತೆಯ ಮಾತು ಬದಿಗಿಟ್ಟರೂ, ಇಷ್ಟು ಚಿಕ್ಕ ಘಟಕದಲ್ಲಿ ಕೋಷ್ಟಕ ತಪ್ಪು ದಾರಿ ಹಿಡಿಸುವುದುಂಟು. ಬಿಟ್ಟವರ ಸಂಖ್ಯೆ ಮಾತ್ರ ನೋಡಿದರೆ ಫೌಂಡ್ರಿಯ 11 ಜನ ಮಷೀನ್ ಶಾಪಿನ 9 ಜನರಿಗಿಂತ ಹೆಚ್ಚು. ಆದರೆ ಫೌಂಡ್ರಿಯಲ್ಲಿ ಇರುವವರೇ 95, ಮಷೀನ್ ಶಾಪಿನಲ್ಲಿ 60. ಶೇಕಡಾ ಲೆಕ್ಕದಲ್ಲಿ ಫೌಂಡ್ರಿಯಿಂದ ಹೋದವರು ಸುಮಾರು 12, ಮಷೀನ್ ಶಾಪಿನಿಂದ ಹೋದವರು 15. ಹಾಗೆಯೇ ‘ಸಂಬಳ’ ಎಂಬ ಸಾಲಿನಲ್ಲಿ 12 ಎಂಬ ದೊಡ್ಡ ಅಂಕಿ ಬಂದಿದೆ. ಲೆಕ್ಕ ಚುಕ್ತಾ ಆಗುವ ಮೊದಲು, ಅನುಭವ ಪತ್ರ ಇನ್ನೂ ಕೈಗೆ ಬರದಿರುವಾಗ ಕಾರಣ ಕೇಳಿದರೆ ಯಾರಿಗೂ ನೋವಾಗದ ಉತ್ತರವನ್ನೇ ಜನ ಕೊಡುತ್ತಾರೆ, ಸಂಬಳ ಎಂಬುದು ಅಂಥ ಉತ್ತರ. ‘ಬೇರೆ ಕೆಲಸ ನೋಡಬೇಕು ಅಂತ ಮೊದಲ ಸಲ ಅನಿಸಿದ್ದು ಯಾವಾಗ, ಆ ವಾರ ಏನಾಗಿತ್ತು’ ಎಂದು ಕೇಳಿದಾಗ ನಮ್ಮ ಉದಾಹರಣೆಯ ಹನ್ನೆರಡರಲ್ಲಿ ಏಳು ಜನ ಶಿಫ್ಟಿನ ಮಾತನ್ನೇ ಎತ್ತಿದ್ದಾರೆ. ಕೊಲ್ಲಾಪುರದ್ದೋ ಪುಣೆಯದ್ದೋ ಹೆಚ್ಚಿನ ಸಂಬಳ ಕಣ್ಣಿಗೆ ಬಿದ್ದದ್ದು ಆಮೇಲೆ. ಕೋಷ್ಟಕದ ಚೌಕದಲ್ಲಿ ಈ ಹಿಂದುಮುಂದು ಹಿಡಿಸುವುದಿಲ್ಲ. ಅದನ್ನು ಓದಿದ ಮಾಲಕರು ಐನೂರು ರೂಪಾಯಿ ಏರಿಸಿ ಸುಮ್ಮನಾದರೆ ಅವರನ್ನು ತಪ್ಪೆನ್ನಲಾಗದು.

ಕಾರಣಗಳ ಸುತ್ತ ಬರೆದ ವರದಿ

ಮೂರನೆಯ ಬಗೆಯಲ್ಲಿ ಬರೆಯುವವರು ಮೊದಲು ಎಲ್ಲ ಟಿಪ್ಪಣಿಗಳನ್ನು ಓದಿ, ಯಾವ ಸಂಗತಿ ಮತ್ತೆ ಮತ್ತೆ ಬರುತ್ತದೆ ಎಂದು ಗುರುತಿಸುತ್ತಾರೆ. ಕಡಿಮೆಯೆಂದರೆ ಐದು ಜನ ಹೇಳಿದ ಸಂಗತಿಯೇ ವರದಿಗೆ ಬರಬೇಕು. ಅದಾದ ಮೇಲೆ ಮಾಡುವ ಕೆಲಸದಿಂದ ಈ ಬಗೆಗೆ ಬೆಲೆ ಬಂದಿದೆ: ಜನರ ಬಾಯಿಂದ ಬಂದ ಸಂಗತಿಗೆ ಕಂಪನಿಯ ದಾಖಲೆಗಳಲ್ಲೇ ಪುರಾವೆ ಇದೆಯೇ ಎಂದು ಹುಡುಕುವುದು. ಗೇಟ್ ರಜಿಸ್ಟರ್, ಶಿಫ್ಟ್ ರೋಸ್ಟರ್, ಓವರ್‌ಟೈಮ್ ಪುಸ್ತಕ, ರಜೆ ಅರ್ಜಿಗಳು, ಇವೆಲ್ಲ ಕಂಪನಿಯ ಸ್ವತ್ತು. ಇವುಗಳನ್ನು ತೋರಿಸಿದರೆ ಯಾರೂ ಸಾಕ್ಷಿ ಹೇಳಿದಂತಾಗುವುದಿಲ್ಲ. ಬಿಟ್ಟವರ ಮಾತು ಎಲ್ಲಿ ಹುಡುಕಬೇಕೆಂದು ತೋರಿಸುತ್ತದೆ, ಸಿಕ್ಕದ್ದು ದಾಖಲೆಯ ಬಲದ ಮೇಲೆ ನಿಲ್ಲುತ್ತದೆ. ಆಗ ‘ಯಾರು ಹೇಳಿದರು’ ಎಂಬ ಪ್ರಶ್ನೆಗೆ ಉತ್ತರ ಬೇಕಾಗುವುದೇ ಇಲ್ಲ.

ನಮ್ಮ ಘಟಕದಲ್ಲಿ ಎರಡನೇ ಶಿಫ್ಟಿನ ತೊಂದರೆಯನ್ನು 9 ಜನ ಹೇಳಿದ್ದಾರೆ. ಶಿಫ್ಟ್ 15 ದಿನಕ್ಕೊಮ್ಮೆ ಬದಲಾಗಬೇಕೆಂಬುದು ಕಂಪನಿಯ ನಿಯಮ. ಹಿಂದಿನ 12 ವಾರಗಳ ರೋಸ್ಟರ್ ತೆಗೆದು ನೋಡಿದಾಗ, ಮಷೀನ್ ಶಾಪಿನ ಎರಡನೇ ಶಿಫ್ಟಿನಲ್ಲಿದ್ದ 24 ಜನರಲ್ಲಿ 14 ಜನರ ಶಿಫ್ಟ್ ಸತತ 6 ವಾರಕ್ಕೂ ಮೇಲೆ ಬದಲಾಗಿಲ್ಲವೆಂದು ಕಂಡಿತು. ಈ ಹದಿನಾಲ್ಕರಲ್ಲಿ ಹೆಚ್ಚಿನವರು ಇನ್ನೂ ಕೆಲಸದಲ್ಲಿದ್ದಾರೆ. ಅಂದರೆ ಈ ಸಂಗತಿ ಬಿಟ್ಟುಹೋದವರ ದೂರಾಗಿ ಉಳಿಯದೆ, ಇದ್ದವರ ಮೇಲೂ ನಡೆಯುತ್ತಿರುವ ಒಂದು ಪದ್ಧತಿಯಾಗಿ ಕಾಣಿಸುತ್ತದೆ. ಖಾನಾಪುರದ ಕಡೆಯ ಆ ಆಪರೇಟರನ ಮಾತು ಈಗ ವರದಿಯಲ್ಲಿ ಹೀಗೆ ಬರುತ್ತದೆ:

“ಮಾತನಾಡಿದ 22 ಜನರಲ್ಲಿ ಸುಮಾರು ಐದರಲ್ಲಿ ಇಬ್ಬರು, ಎರಡನೇ ಶಿಫ್ಟ್ ಮುಗಿದ ಮೇಲೆ ಊರಿಗೆ ಮರಳುವ ತೊಂದರೆಯನ್ನು ಕೆಲಸ ಬಿಡಲು ಒಂದು ಕಾರಣವಾಗಿ ಹೇಳಿದ್ದಾರೆ. ನಿಯಮದಂತೆ 15 ದಿನಕ್ಕೊಮ್ಮೆ ಶಿಫ್ಟ್ ಬದಲಾಗಬೇಕಾಗಿದ್ದರೂ, ಕಳೆದ 12 ವಾರಗಳ ರೋಸ್ಟರಿನಲ್ಲಿ ಎರಡನೇ ಶಿಫ್ಟಿನ 24 ಜನರ ಪೈಕಿ 14 ಜನರಿಗೆ 6 ವಾರಕ್ಕೂ ಮೇಲೆ ಬದಲಾವಣೆ ಸಿಕ್ಕಿಲ್ಲ. ಶಿಫ್ಟ್ ಬದಲಾವಣೆಗೆ ಬಂದ ಮನವಿಗಳನ್ನು ಬರೆದಿಡುವ ಪುಸ್ತಕ ಇಲ್ಲ. ಕೋರಿಕೆ: ರೋಸ್ಟರನ್ನು ಎರಡು ವಾರ ಮೊದಲೇ ನೋಟಿಸ್ ಬೋರ್ಡಿಗೆ ಹಚ್ಚಬೇಕು, ಅದಕ್ಕೆ ಪ್ರೊಡಕ್ಷನ್ ಮ್ಯಾನೇಜರ್ ಸಹಿ ಇರಬೇಕು, ಬದಲಾವಣೆಯ ಮನವಿಗಳನ್ನು ಒಂದು ರಜಿಸ್ಟರಿನಲ್ಲಿ ಬರೆಯಬೇಕು.”

ತಾಯಿಯ ಕಾಯಿಲೆ, ಊರು, ಸೇವೆಯ ವರ್ಷ, ‘ಗಾಡಿ ತಗೋ’ ಎಂಬ ಮಾತು ಯಾವುದೂ ಇಲ್ಲಿಲ್ಲ. ಆದರೂ ಅವನು ಹೇಳಬೇಕೆಂದಿದ್ದ ಸಂಗತಿ ಒಂದಿಷ್ಟೂ ಕಳೆದಿಲ್ಲ, ಇನ್ನೂ ಗಟ್ಟಿಯಾಗಿದೆ. ಒಂಬತ್ತು ಎಂದು ಬರೆಯದೆ ‘ಐದರಲ್ಲಿ ಇಬ್ಬರು’ ಎಂದು ಬರೆದದ್ದು, ಮುಂದಿನ ವರದಿಯ ಅಂಕಿಯಿಂದ ಇದನ್ನು ಕಳೆದು ನೋಡುವವರ ಕೈ ತಡೆಯಲು.

ಸೂಪರ್‌ವೈಸರ್ ಬಗ್ಗೆ ಬಂದ ಮಾತುಗಳು ಇಷ್ಟು ಸುಲಭವಲ್ಲ. ಎರಡನೇ ಶಿಫ್ಟಿಗೆ ಸೂಪರ್‌ವೈಸರ್ ಒಬ್ಬರೇ ಇದ್ದರೆ, ಅವರ ಹೆಸರನ್ನೂ ಬರೆಯದೇ ಬರೆದಂತಾಗುತ್ತದೆ. ಅವರೂ ಒಬ್ಬ ನೌಕರರೇ; ಸಹಿಯಿಲ್ಲದ ಮಾತುಗಳ ಮೇಲೆ ಅವರನ್ನು ತೂಗುವುದು ನ್ಯಾಯವಲ್ಲ, ಮೇಲಾಗಿ ಆ ಶಿಫ್ಟಿನಿಂದ ಹೋದ ಆರು ಜನ ಯಾರೆಂದು ಅವರಿಗೆ ಚೆನ್ನಾಗಿ ಗೊತ್ತು. ಹೀಗಾಗಿ ಲಿಖಿತ ವರದಿಯಲ್ಲಿ ‘ಮನವಿಗಳಿಗೆ ಉತ್ತರ ಸಿಗುವ ರೀತಿ’ ಎಂದು ಪದ್ಧತಿಯ ಭಾಷೆಯಲ್ಲಿ ಬರೆದು, ಇಡೀ ಘಟಕದ ಲೆಕ್ಕವನ್ನು ಮಾತ್ರ ಕೊಡಬೇಕು. ಶಿಫ್ಟಿನ ಮಟ್ಟದ ವಿವರ ಬೇಕೇ ಬೇಕೆಂದಾದರೆ ಅದನ್ನು ತೀರ್ಮಾನ ತೆಗೆದುಕೊಳ್ಳುವ ಒಬ್ಬರಿಗೇ ಬಾಯಿಮಾತಿನಲ್ಲಿ ಹೇಳಿ, ಈಗ ಕೆಲಸದಲ್ಲಿರುವವರ ಜೊತೆ ಮಾತನಾಡಿ ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಹೆಜ್ಜೆ ಇಡುವಂತೆ ಒಪ್ಪಿಸಬೇಕು.

ವರದಿ ಬರೆದಾದ ಮೇಲೆ ಒಂದು ಪರೀಕ್ಷೆ ಮಾಡಬೇಕು. ಬಿಟ್ಟ 27 ಜನರ ಹೆಸರಿನ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಂಡು, ವರದಿಯ ಪ್ರತಿ ವಾಕ್ಯವನ್ನೂ ಓದಿ, ಇದು ಪಟ್ಟಿಯ ಯಾರಾರಿಗೆ ಹೊಂದೀತು ಎಂದು ಗುರುತು ಹಾಕುತ್ತ ಹೋಗಬೇಕು. ಶಾಪಿನಲ್ಲಿ ಎಲ್ಲರಿಗೂ ತಿಳಿದಿರುವ ಸಂಗತಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು: ಯಾರ ಮದುವೆ, ಯಾರ ಜಗಳ, ಯಾರು ಕಬ್ಬಿನ ಸೀಜನ್ನಿಗೆ ಊರಿಗೆ ಹೋದರು ಎಂಬುದು. ಐದಕ್ಕಿಂತ ಕಡಿಮೆ ಹೆಸರುಗಳಿಗೆ ಮಾತ್ರ ಹೊಂದುವ ವಾಕ್ಯ ಸಿಕ್ಕರೆ ಅದನ್ನು ಬೇರೆ ರೀತಿ ಬರೆಯಬೇಕು, ಆಗದಿದ್ದರೆ ಬಿಡಬೇಕು. ಈ ಕೆಲಸವನ್ನು ಬರೆದವರೇ ಮಾಡಬೇಕು. ಸಹೋದ್ಯೋಗಿಯ ಕೈಗೆ ಕೊಟ್ಟು ‘ಯಾರೆಂದು ಹೇಳಿ ನೋಡೋಣ’ ಎಂದರೆ ಸುದ್ದಿ ಅಲ್ಲಿಂದಲೇ ಹೊರಡುತ್ತದೆ.

ಇಷ್ಟಾದರೂ ವರದಿ ಓದಿದ ಮಾಲಕರು ‘ಯಾರಂದಿದ್ದು ಹೇಳ್ರಿ, ನನ್ನ ಹತ್ರಾನ ಇರ್ತದ’ ಎಂದು ಕೇಳಿಯೇ ಕೇಳುತ್ತಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲದಿರಬಹುದು. ಕರೆದು ಸಮಾಧಾನ ಹೇಳಬೇಕೆಂಬ ಕಳಕಳಿಯೂ ಇರಬಹುದು. ‘ಹೆಸರು ಹೇಳಿದ್ರ ಬರೂ ವರ್ಷ ಯಾರೂ ಖರೇ ಮಾತಾಡೂದಿಲ್ರೀ ಸಾಹೇಬ್ರ, ರೋಸ್ಟರ್ ತಂದೀನಿ, ಇದನ್ನ ನೋಡ್ರಿ’ ಎನ್ನುವಷ್ಟು ಸಿದ್ಧತೆ ಇರಬೇಕು. ಮಾಲಕರು ತಾವೇ ಒಂದು ಹೆಸರು ಊಹಿಸಿ ‘ಅವನ ಅಲ್ಲೇನ್ರಿ’ ಎಂದರೆ ಹೌದು ಎನ್ನಬಾರದು, ಅಲ್ಲ ಎಂದೂ ಅನ್ನಬಾರದು. ಒಬ್ಬರನ್ನು ಅಲ್ಲವೆಂದು ಬಿಟ್ಟರೆ ಉಳಿದವರ ಗುಂಪು ಅಷ್ಟು ಕಿರಿದಾಗುತ್ತದೆ, ಮೂರ್ನಾಲ್ಕು ಹೆಸರು ಕೇಳಿಸಿಕೊಳ್ಳುವಷ್ಟರಲ್ಲಿ ಉತ್ತರ ತಾನಾಗಿ ಹೊರಬೀಳುತ್ತದೆ.

ಈ ಬಗೆಗೂ ಕೊರತೆಗಳಿವೆ. ಬರೆಯುವವರ ತೀರ್ಪಿನ ಮೇಲೆ ತುಂಬಾ ಅವಲಂಬಿಸುತ್ತದೆ, ಅವರ ಮನಸ್ಸಿನಲ್ಲಿ ಮೊದಲೇ ಇದ್ದ ಅನಿಸಿಕೆ ‘ಕಂಡುಬಂದ ಸಂಗತಿ’ಯ ರೂಪ ತಾಳಬಹುದು. ಒಬ್ಬರೇ ಹೇಳಿದ, ಆದರೆ ಬಹಳ ಮುಖ್ಯವಾದ ಮಾತಿಗೆ ಇದರಲ್ಲಿ ಜಾಗವಿಲ್ಲ. ದಾಖಲೆಗಳೇ ಸರಿಯಾಗಿಲ್ಲದ ಘಟಕದಲ್ಲಿ ಆಧಾರ ಸಿಗುವುದಿಲ್ಲ. ಆಗ ‘ದಾಖಲೆ ಇಲ್ಲ’ ಎಂಬುದನ್ನೇ ಒಂದು ಸಂಗತಿಯಾಗಿ ಬರೆಯಬೇಕಾಗುತ್ತದೆ, ಮೇಲಿನ ಮಾದರಿಯಲ್ಲಿ ಮನವಿಗಳ ಪುಸ್ತಕದ ಬಗ್ಗೆ ಬರೆದಂತೆ.

ಸಾರಾಂಶಕ್ಕೆ ಸೇರದ ಮಾತುಗಳು

ಒಬ್ಬರೇ ಹೇಳಿದರೂ ಬಿಡಲಾಗದ ಮಾತುಗಳಲ್ಲಿ ಲೈಂಗಿಕ ಕಿರುಕುಳ ಮೊದಲನೆಯದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬಹುದು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ಅದೇ ಕಾಯ್ದೆಯ 16ನೇ ಕಲಂ ದೂರಿನ ವಿಷಯವನ್ನೂ ದೂರು ಕೊಟ್ಟವರ, ಎದುರು ಪಕ್ಷದವರ, ಸಾಕ್ಷಿಗಳ ಗುರುತನ್ನೂ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಇಂಥ ಮಾತು ಬಂದಾಗ ಅದನ್ನು ‘ನಡವಳಿಕೆಯ ಸಮಸ್ಯೆ’ ಎಂಬ ಸಾಲಿನಲ್ಲಿ ಕರಗಿಸಿಬಿಡುವುದು ದೊಡ್ಡ ಅನ್ಯಾಯ. ಕೆಲಸ ಬಿಡುತ್ತಿರುವವರಿಗೂ ದೂರಿನ ದಾರಿ ಇದೆಯೆಂದು ಅವರಿಗೆ ಅಲ್ಲಿಯೇ ತಿಳಿಸಿ, ಅವರು ಬಯಸಿದರೆ ಬರೆಯಲು ನೆರವಾಗಿ, ವಿಷಯವನ್ನು ಸಮಿತಿಗೆ ಒಪ್ಪಿಸಬೇಕು, ಸಾರಾಂಶದಲ್ಲಿ ಅದರ ಸುಳಿವೂ ಇರಬಾರದು. ಜೀವಕ್ಕೆ ಅಪಾಯವಾಗುವ ಸಂಗತಿ, ಉದಾಹರಣೆಗೆ ಕರಗಿದ ಲೋಹದ ಲ್ಯಾಡಲ್ ಎತ್ತುವ ಕ್ರೇನಿನ ಕೊಕ್ಕೆ ಸವೆದಿದೆ ಎಂಬ ಮಾತು, ವರ್ಷದ ವರದಿಯವರೆಗೆ ಕಾಯುವಂಥದ್ದಲ್ಲ. ಅದೇ ದಿನ ತಪಾಸಣೆಗೆ ಹೇಳಬೇಕು, ಒಂದೇ ಯಂತ್ರಕ್ಕೆ ಹೇಳದೆ ಎಲ್ಲ ಕ್ರೇನುಗಳನ್ನೂ ನೋಡಿಸಿದರೆ ಯಾರ ಬಾಯಿಂದ ಬಂತೆಂಬುದು ತಿಳಿಯುವುದಿಲ್ಲ.

ಈ ಎರಡನ್ನೂ ಎಚ್.ಆರ್. ವಿಭಾಗ ತನ್ನಲ್ಲೇ ಇಟ್ಟುಕೊಳ್ಳಲಾಗದೆಂದು ಸಂದರ್ಶನದ ಮೊದಲೇ ಹೇಳಿಬಿಡಬೇಕು. ‘ಏನು ಹೇಳಿದರೂ ಹೊರಗೆ ಹೋಗುವುದಿಲ್ಲ’ ಎಂಬ ಮಾತು ಕೊಡುವುದಕ್ಕೆ ಎಚ್.ಆರ್. ವಿಭಾಗಕ್ಕೆ ಅಧಿಕಾರವಿಲ್ಲ.

ಯಾರಿಗೆ ಯಾವುದು

ಬಾಗಲಕೋಟೆಯ ದೊಡ್ಡ ಆಸ್ಪತ್ರೆಯಂತೆ ಅಥವಾ ದೊಡ್ಡ ಸಕ್ಕರೆ ಕಾರ್ಖಾನೆಯಂತೆ ವರ್ಷಕ್ಕೆ ನೂರಕ್ಕೂ ಹೆಚ್ಚು ಜನ ಬಂದು ಹೋಗುವ ಸಂಸ್ಥೆಯಲ್ಲಿ ಕೋಷ್ಟಕ ಉಪಯುಕ್ತ. ಅಲ್ಲಿಯೂ ವಿಭಾಗ ಮತ್ತು ಕಾರಣ ಎಂಬ ಎರಡೇ ಆಯಾಮ ಸಾಕು. ಮೂರನೆಯದಾಗಿ ಲಿಂಗ, ಸೇವಾವಧಿ ಅಥವಾ ಶಿಫ್ಟ್ ಸೇರಿಸಿದೊಡನೆ ಚೌಕಗಳು ಒಂದು ಎರಡಕ್ಕೆ ಇಳಿಯುತ್ತವೆ. ಕೋಷ್ಟಕದ ಜೊತೆ ಮುಖ್ಯ ಮೂರು ಕಾರಣಗಳಿಗೆ ಮೂರನೆಯ ಬಗೆಯ ವಿವರಣೆ ಬರೆದರೆ ಓದುವವರಿಗೆ ಹಿಂದುಮುಂದು ತಿಳಿಯುತ್ತದೆ.

ವರ್ಷಕ್ಕೆ ಹತ್ತರಿಂದ ಮೂವತ್ತು ನಲವತ್ತು ಜನ ಬಿಡುವ, ಅಂದರೆ ಬೆಳಗಾವಿಯ ಅನೇಕ ಫೌಂಡ್ರಿ ಮತ್ತು ಮಷೀನಿಂಗ್ ಘಟಕಗಳ ಗಾತ್ರದ ಕಡೆ, ಕೋಷ್ಟಕವನ್ನು ಬಿಟ್ಟು ಮೂರನೆಯ ಬಗೆಯಲ್ಲೇ ವರ್ಷಕ್ಕೆ ಒಂದು ವರದಿ ಬರೆಯಬೇಕು. ಎರಡು ಪುಟ ಸಾಕು, ಮೂರು ಸಂಗತಿಗಿಂತ ಹೆಚ್ಚು ಬೇಡ. ಇಂಥ ಕಡೆ ಎಚ್.ಆರ್. ನೋಡಿಕೊಳ್ಳುವವರು ಮಾಲಕರ ಮನೆಯವರೇ ಆಗಿರುವುದುಂಟು; ಆಗ ಎಷ್ಟು ಚೆನ್ನಾಗಿ ವರದಿ ಬರೆದರೂ ಉಪಯೋಗವಿಲ್ಲ, ಏಕೆಂದರೆ ಜನ ಸಂದರ್ಶನದಲ್ಲೇ ಬಾಯಿ ಬಿಡುವುದಿಲ್ಲ. ನಿವೃತ್ತರಾದ ಒಬ್ಬ ಪರ್ಸನಲ್ ಅಧಿಕಾರಿಯನ್ನೋ ಹೊರಗಿನ ಸಲಹೆಗಾರರನ್ನೋ ಗೊತ್ತು ಮಾಡಿ, ಲೆಕ್ಕ ಚುಕ್ತಾ ಆಗಿ ತಿಂಗಳೆರಡು ತಿಂಗಳಾದ ಮೇಲೆ ಫೋನಿನಲ್ಲಿ ಮಾತನಾಡಿಸಿ, ಮೂಲ ಟಿಪ್ಪಣಿಗಳು ಅವರ ಬಳಿಯೇ ಇರುವಂತೆ ಒಪ್ಪಂದ ಮಾಡಿಕೊಳ್ಳುವುದು ಒಳ್ಳೆಯದು. ವರದಿ ಒಪ್ಪಿಸಿ, ಮುಂದಿನ ವರ್ಷದ ವರದಿಗೆ ಹೋಲಿಸಿ ನೋಡಿದ ನಂತರ ಆ ಟಿಪ್ಪಣಿಗಳನ್ನು ನಾಶಮಾಡಬೇಕೆಂಬ ದಿನಾಂಕವನ್ನೂ ಅದೇ ಒಪ್ಪಂದದಲ್ಲಿ ಬರೆದಿರಬೇಕು.

ವರ್ಷಕ್ಕೆ ನಾಲ್ಕೈದು ಜನ ಮಾತ್ರ ಬಿಡುವ ಚಿಕ್ಕ ಘಟಕದಲ್ಲಿ ಮೂರು ಬಗೆಗಳಲ್ಲಿ ಯಾವುದೂ ಹೆಸರನ್ನು ಕಾಯಲಾರದು. ಅಲ್ಲಿ ಎರಡು ಮೂರು ವರ್ಷಗಳ ಸಂದರ್ಶನಗಳನ್ನು ಕೂಡಿಟ್ಟು ಒಂದೇ ಸಲ ಬರೆಯುವುದು ಒಂದು ದಾರಿ. ಬಿಟ್ಟವರ ಮಾತನ್ನು ಕಾಗದದ ಮೇಲೆ ತರದೆ, ಅದರಿಂದ ತಿಳಿದದ್ದನ್ನು ಪ್ರಶ್ನೆಗಳಾಗಿ ಬದಲಿಸಿ, ಈಗ ಕೆಲಸದಲ್ಲಿರುವ ಎಲ್ಲರನ್ನೂ ಶಿಫ್ಟ್, ಓವರ್‌ಟೈಮ್, ರಜೆಯ ಬಗ್ಗೆ ಕೇಳಿ, ಬಂದ ಉತ್ತರಗಳನ್ನು ಮಾತ್ರ ಮ್ಯಾನೇಜ್‌ಮೆಂಟಿಗೆ ಕೊಡುವುದು ಇನ್ನೊಂದು ದಾರಿ. ಈ ಎರಡನೆಯದು ಬೇಗ ಫಲ ಕೊಡುತ್ತದೆ, ಪ್ರಶ್ನೆಯ ಹಿಂದೆ ಯಾರಿದ್ದರೆಂದು ಕೇಳುವ ಸಂದರ್ಭವೂ ಬರುವುದಿಲ್ಲ.